ಗೆಳತಿಯ ಮದುವೆಯ ಫೋಟೋಗೆ ಒಂದೇ ಒಂದು ಸಾಲು ಬೇಕಾಗಿದೆ

ಕಲ್ಪತರು ನಾಡು

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ತಿಪಟೂರಿನ ಒಂದು ಕಲ್ಯಾಣ ಮಂಟಪದಲ್ಲಿ ನನ್ನ ಹಾಸ್ಟೆಲ್ ಗೆಳತಿಯ ಮದುವೆ ನಡೆಯಿತು. ನಾನು ಅತಿಥಿಯಾಗಿ ಹೋಗಿದ್ದೆ. ಛಾಯಾಗ್ರಾಹಕರು ಮಂಟಪದ ಮುಂದೆ ನಿಂತಿದ್ದರಿಂದ ನನಗೆ ಪಕ್ಕದಲ್ಲಿ ಮಾತ್ರ ಜಾಗ ಸಿಕ್ಕಿತು. ಅಲ್ಲಿಂದಲೇ ಫೋನಿನಲ್ಲಿ ತೆಗೆದ ಒಂದು ಚಿತ್ರ ನನಗೆ ತುಂಬ ಇಷ್ಟವಾಗಿದೆ. ಅಂತರಪಟವನ್ನು ಇನ್ನೂ ಪೂರ್ತಿ ಇಳಿಸಿಲ್ಲ, ಅದರ ಮೇಲೆ ಕುಂಕುಮದಲ್ಲಿ ಬರೆದ ಸ್ವಸ್ತಿಕ ಅರ್ಧ ಮಡಿಚಿಕೊಂಡಿದೆ. ಹುಡುಗ ಎತ್ತರವಾಗಿರುವುದರಿಂದ ಇವಳು ತುದಿಗಾಲಿನಲ್ಲಿ ನಿಂತು ಅವನ ತಲೆಯ ಮೇಲೆ ಜೀರಿಗೆ ಬೆಲ್ಲ ಇಡುತ್ತಿದ್ದಾಳೆ. ಸ್ವಲ್ಪ ಬೆಲ್ಲ ಜಾರಿ ಅವನ ಹುಬ್ಬಿಗೆ ಅಂಟಿದೆ. ಇವಳು ಬಾಯಿ ತುಂಬ ನಗುತ್ತಿದ್ದಾಳೆ.

ಈ ಚಿತ್ರವನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಬೇಕೆಂದಿದ್ದೇನೆ. ಕನ್ನಡದಲ್ಲಿಯೇ, ಚಿಕ್ಕದಾಗಿ, ಸಂತೋಷ ಕಾಣುವಂತೆ ಒಂದು ಕ್ಯಾಪ್ಷನ್ ಬೇಕು. ಮೂರು ದಿನಗಳಿಂದ ಬರೆದು ಅಳಿಸುತ್ತಿದ್ದೇನೆ. ಇದುವರೆಗೆ ಬರೆದವು ಇವು:

"ನವದಂಪತಿಗಳಿಗೆ ಮದುವೆಯ ಹಾರ್ದಿಕ ಶುಭಾಶಯಗಳು."
"ಎರಡು ಜೀವಗಳು ಒಂದಾದ ಮಧುರ ಕ್ಷಣ."
"ಅಂತರಪಟ ಸರಿದಾಗ."

ಮೂರೂ ನನಗೆ ಒಪ್ಪಿಗೆಯಾಗುತ್ತಿಲ್ಲ, ಆದರೆ ಏನು ಕೊರತೆಯೆಂದು ಹೇಳಲು ಬರುತ್ತಿಲ್ಲ. ದಯವಿಟ್ಟು ನೋಡಿ ಹೇಳಿ.

ಸೋನೆಮಳೆ

ಮೂರನೆಯದು ಚೆನ್ನಾಗಿದೆ. ಅದನ್ನೇ ಹಾಕಿಬಿಡಿ, ಇಷ್ಟು ಯೋಚಿಸಬೇಕಾಗಿಲ್ಲ.

ಬೆಳ್ಳಿಬಟ್ಟಲು

ನಮ್ಮ ಮನೆಯ ಲಗ್ನಪತ್ರಿಕೆಗೆ ನಾನೇ ಬರೆದುಕೊಟ್ಟ ಒಕ್ಕಣೆಯನ್ನು ಕಳುಹಿಸುತ್ತಿದ್ದೇನೆ, ಉಪಯೋಗವಾದೀತು. "ನಮ್ಮ ಕುಲದೇವರ ಕೃಪೆಯಿಂದಲೂ ಗುರುಹಿರಿಯರ ಆಶೀರ್ವಾದದಿಂದಲೂ ನೆರವೇರಲಿರುವ ಈ ಶುಭ ವಿವಾಹ ಮಹೋತ್ಸವಕ್ಕೆ ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ, ವಧೂವರರನ್ನು ಆಶೀರ್ವದಿಸಿ, ನಮ್ಮ ಆದರಾತಿಥ್ಯವನ್ನು ಸ್ವೀಕರಿಸಬೇಕಾಗಿ ಕೋರುವ." ಕೊನೆಯಲ್ಲಿ ತಂದೆತಾಯಿಯರ ಹೆಸರು ಹಾಕಿಕೊಂಡರೆ ಆಯಿತು.

ಕಲ್ಪತರು ನಾಡು

ಬೆಳ್ಳಿಬಟ್ಟಲು ಅವರೇ, ಧನ್ಯವಾದಗಳು. ಆದರೆ ಮದುವೆ ಮುಗಿದಿದೆ, ಅದು ನಮ್ಮ ಮನೆಯ ಮದುವೆಯೂ ಅಲ್ಲ. ನಾನು ಕೇಳುತ್ತಿರುವುದು ಫೋಟೋದ ಕೆಳಗೆ ಬರೆಯುವ ಒಂದು ಸಾಲನ್ನು ಮಾತ್ರ.

ವ್ಯಾಕರಣಪ್ರಿಯ

ಮೊದಲನೆಯ ಸಾಲಿನಲ್ಲಿಯೇ ತಪ್ಪಿದೆ. "ದಂಪತಿ" ಎಂದರೆ ಗಂಡ ಮತ್ತು ಹೆಂಡತಿ ಇಬ್ಬರೂ ಎಂದೇ ಅರ್ಥ. ಮದುವೆಯಾದದ್ದು ಒಂದು ಜೋಡಿ. ಆದ್ದರಿಂದ "ನವದಂಪತಿಗೆ" ಎಂದಿರಬೇಕು. "ದಂಪತಿಗಳಿಗೆ" ಎಂದು ಬರೆದರೆ ಸಾಮೂಹಿಕ ವಿವಾಹವಾಗುತ್ತದೆ. ಹಾಗೆಯೇ "ಅಂತರಪಟ" ಎಂಬುದೂ ಅಶುದ್ಧ ರೂಪ, "ಅಂತಃಪಟ" ಎನ್ನುವುದು ಸರಿ. "ಶುಭಾಶಯ" ಎಂಬ ಪದವನ್ನು ಮಾತ್ರ ಸರಿಯಾಗಿ ಬರೆದಿದ್ದೀರಿ. ಬಹಳ ಮಂದಿ "ಶುಭಾಷಯ" ಎಂದು ಬರೆಯುತ್ತಾರೆ. ಶುಭ ಮತ್ತು ಆಶಯ ಸೇರಿ ಆದ ಪದದಲ್ಲಿ ಷಕಾರಕ್ಕೆ ಎಡೆಯೇ ಇಲ್ಲ.

ಓಲೆಗರಿ

ನಾನು ಬಹುಕಾಲ ಒಂದು ದಿನಪತ್ರಿಕೆಯಲ್ಲಿ ಪುಟ ನೋಡಿಕೊಳ್ಳುತ್ತಿದ್ದವನು. ಚಿತ್ರಗಳಿಗೆ ಅಡಿಬರಹ ಬರೆಯುವುದೂ ತಿದ್ದುವುದೂ ದಿನದ ಕೆಲಸವಾಗಿತ್ತು. ಆ ಅಭ್ಯಾಸದಿಂದ ಎರಡು ಮಾತು ಹೇಳುತ್ತೇನೆ.

ಮೊದಲು ವ್ಯಾಕರಣಪ್ರಿಯರಿಗೆ. ಸಂಸ್ಕೃತದಲ್ಲಿ ಆ ಪದ ದ್ವಿವಚನದಲ್ಲಿದೆ. ಕನ್ನಡದಲ್ಲಿ ದ್ವಿವಚನವಿಲ್ಲ. ಹಾಗಾಗಿ ನಮ್ಮವರು ಅದಕ್ಕೆ "ಗಳು" ಸೇರಿಸಿ ಬಹುವಚನ ಮಾಡಿಕೊಂಡರು. ಒಂದು ಜೋಡಿಗೆ "ದಂಪತಿ" ಸಾಕೆನ್ನುವ ನಿಮ್ಮ ಮಾತನ್ನು ಒಪ್ಪುತ್ತೇನೆ, ಆದರೆ "ದಂಪತಿಗಳು" ಎಂದು ಬರೆದವರು ತಪ್ಪು ಮಾಡಿದರೆಂದು ಹೇಳಲಾರೆ. ಈ ಸಾಲಿನ ತೊಂದರೆ ಅದಲ್ಲ. ಈ ಸಾಲನ್ನು ಯಾವ ಮದುವೆಯ ಯಾವ ಚಿತ್ರದ ಕೆಳಗೂ ಇಡಬಹುದು. ಅರತಕ್ಷತೆಯ ಚಿತ್ರಕ್ಕೂ ಹೊಂದುತ್ತದೆ, ಬೀಗರ ಊಟದ ಚಿತ್ರಕ್ಕೂ ಹೊಂದುತ್ತದೆ, ಮದುವೆಗೆ ಹೋಗದವರೂ ಅದನ್ನು ಬರೆಯಬಹುದು. ಅದು ಶುಭಾಶಯ ಪತ್ರದ ಮಾತು, ಚಿತ್ರದ ಮಾತಲ್ಲ.

ಎರಡನೆಯದಕ್ಕೂ ಅದೇ ದೋಷವಿದೆ, ಜೊತೆಗೆ "ಮಧುರ" ಎಂಬ ವಿಶೇಷಣ. ನಗುವ ಮುಖ ಚಿತ್ರದಲ್ಲಿಯೇ ಇರುವಾಗ ಮಧುರವೆಂದು ನೀವು ಹೇಳಿಕೊಡಬೇಕಾಗಿಲ್ಲ. ಮೂರನೆಯದು ಈ ಚಿತ್ರಕ್ಕೆ ಸೇರಿದ್ದು, ಅಷ್ಟರ ಮಟ್ಟಿಗೆ ಮೇಲು. ಆದರೆ ಅಂತರಪಟ ಸರಿಯುತ್ತಿರುವುದು ನೋಡುವವರ ಕಣ್ಣಿಗೇ ಕಾಣುತ್ತದೆ. ಕಂಡದ್ದನ್ನೇ ಮತ್ತೆ ಹೇಳಿದ ಸಾಲು ಅದು. ನಾವು ಪತ್ರಿಕೆಯಲ್ಲಿ ಹೊಸಬರಿಗೆ ಒಂದು ಪ್ರಶ್ನೆ ಕೇಳುತ್ತಿದ್ದೆವು. ನಿಮಗೂ ಕೇಳುತ್ತೇನೆ: ಆ ಜಾಗದಲ್ಲಿ ನಿಂತಿದ್ದ ನಿಮಗೆ ಗೊತ್ತಿದ್ದು, ಚಿತ್ರ ನೋಡುವವರಿಗೆ ಗೊತ್ತಾಗದ ಸಂಗತಿ ಏನು?

ಸೋನೆಮಳೆ

ಓಲೆಗರಿ ಸರ್, ಇದು ಪತ್ರಿಕೆಯ ಮುಖಪುಟವಲ್ಲ, ಗೆಳತಿಯ ಮದುವೆ. ನೂರು ಜನ ಹೃದಯದ ಚಿಹ್ನೆ ಒತ್ತಿ ಮುಂದೆ ಹೋಗುತ್ತಾರೆ. ಶುಭಾಶಯ ಹೇಳುವುದರಲ್ಲಿ ತಪ್ಪೇನಿದೆ?

ಓಲೆಗರಿ

ತಪ್ಪಿಲ್ಲ, ಸೋನೆಮಳೆ ಅವರೇ. ಆದರೆ ಶುಭಾಶಯವನ್ನು ಮಂಟಪದ ಮೇಲೆಯೇ ಕೈಹಿಡಿದು ಹೇಳಿ ಬಂದಿದ್ದಾರೆ. ನೂರು ಜನ ಮುಂದೆ ಹೋಗುತ್ತಾರೆ ಎಂಬುದು ನಿಜ. ಮದುಮಗಳು ಮಾತ್ರ ಮುಂದೆ ಹೋಗುವುದಿಲ್ಲ, ನಿಂತು ಓದುತ್ತಾಳೆ, ಹತ್ತು ವರ್ಷದ ಮೇಲೂ ತೆಗೆದು ಓದುತ್ತಾಳೆ. ಸಾಲು ಬರೆಯುವುದು ಅವಳಿಗಾಗಿ.

ಪೌರೋಹಿತ್ಯದ ಮನೆ

"ಅಂತಃಪಟ" ಎನ್ನುವುದು ಶಾಸ್ತ್ರದ ರೂಪ, ನಿಜ. ನಮ್ಮ ತಂದೆಯವರು ನಲವತ್ತು ವರ್ಷಗಳಿಂದ ಮದುವೆ ಮಾಡಿಸುತ್ತಿದ್ದಾರೆ, ಅವರೂ "ಅಂತರಪಟ ಹಿಡಿಯಿರಿ" ಎಂದೇ ಕೂಗುತ್ತಾರೆ. ಕ್ಯಾಪ್ಷನ್ನಿಗೆ ಜನ ಆಡುವ ರೂಪವೇ ಸಾಕು.

ಈ ಚಿತ್ರವಿರುವ ಹೊತ್ತಿನಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ಹೇಳಿದರೆ ಬರೆಯುವವರಿಗೆ ಅನುಕೂಲವಾಗಬಹುದು. ಇಬ್ಬರು ಎರಡು ಬದಿಯಲ್ಲಿ ನಿಂತು ಬಟ್ಟೆಯನ್ನು ಹಿಡಿದಿರುತ್ತಾರೆ. ಹುಡುಗಿಯನ್ನು ಸೋದರಮಾವ ಕರೆತಂದು ಒಂದು ಬದಿಗೆ ನಿಲ್ಲಿಸುತ್ತಾರೆ. ಜೀರಿಗೆಯನ್ನೂ ಬೆಲ್ಲವನ್ನೂ ಸೇರಿಸಿ ವೀಳ್ಯದೆಲೆಯಲ್ಲಿಟ್ಟು ಇಬ್ಬರ ಕೈಗೂ ಕೊಟ್ಟಿರುತ್ತಾರೆ. ಮಂಗಳಾಷ್ಟಕ ಮುಗಿಯುತ್ತಿದ್ದಂತೆ ಗಟ್ಟಿಮೇಳಕ್ಕೆ ಸನ್ನೆಯಾಗುತ್ತದೆ, ಬಟ್ಟೆ ಇಳಿಯುತ್ತದೆ, ಇಬ್ಬರೂ ಒಬ್ಬರ ತಲೆಯ ಮೇಲೆ ಒಬ್ಬರು ಜೀರಿಗೆ ಬೆಲ್ಲ ಇಡುತ್ತಾರೆ, ಜನ ಅಕ್ಷತೆ ಹಾಕುತ್ತಾರೆ. ಹಾರ ಬದಲಾಯಿಸುವುದು ಅದರ ಬೆನ್ನಿಗೇ. ಧಾರೆ ಮತ್ತು ಮಾಂಗಲ್ಯಧಾರಣೆ ಆಮೇಲೆ. ಇಷ್ಟೆಲ್ಲ ಹೇಳಲು ಕಾರಣವಿದೆ. ಇಂಥ ಚಿತ್ರದ ಕೆಳಗೆ "ಮಾಂಗಲ್ಯಂ ತಂತುನಾನೇನ" ಎಂದು ಬರೆದಿರುವುದನ್ನು ತುಂಬ ನೋಡಿದ್ದೇನೆ. ಅದು ತಾಳಿ ಕಟ್ಟುವಾಗ ಹೇಳುವ ಮಂತ್ರ. ಚಿತ್ರದಲ್ಲಿ ಇನ್ನೂ ತಾಳಿಯೇ ಬಂದಿಲ್ಲ. ಮದುವೆ ಮನೆಯ ಹಿರಿಯರು ಅದನ್ನು ಒಡನೆ ಗುರುತಿಸುತ್ತಾರೆ.

ಕಾವೇರಿ ಮೂಲ

ಈ ಮಾತಿಗೆ ನನ್ನ ಬೆಂಬಲವಿದೆ. ನಮ್ಮದು ಕೊಡಗು. ಕೊಡವರ ಮದುವೆಯಲ್ಲಿ ಪುರೋಹಿತರೂ ಇಲ್ಲ, ಅಂತರಪಟವೂ ಇಲ್ಲ. ನಮ್ಮ ಮನೆಯ ಮದುವೆಗೆ ಬಂದ ಅತಿಥಿಯೊಬ್ಬರು, ಹುಡುಗ ಕತ್ತಿಯಿಂದ ಬಾಳೆ ದಿಂಡು ಕಡಿಯುವ ಚಿತ್ರವನ್ನು ಹಾಕಿ "ಮದುವೆಯ ಊಟಕ್ಕೆ ಸಿದ್ಧತೆ ಜೋರು" ಎಂದು ಬರೆದಿದ್ದರು. ಅವರ ಮನಸ್ಸಿನಲ್ಲಿ ಸಂತೋಷವೇ ಇತ್ತು, ಅದರಲ್ಲಿ ಸಂಶಯವಿಲ್ಲ. ಆದರೆ ಅದು ಗೌರವದ ವಿಧಿ, ಅಡುಗೆಯ ಕೆಲಸವಲ್ಲ. ಅಜ್ಜ ಮೂರು ದಿನ ಅದನ್ನೇ ಹೇಳಿಕೊಂಡು ನೊಂದರು. ಅತಿಥಿಯಾದವರು ತಾವು ನೋಡಿದ್ದು ಯಾವ ಶಾಸ್ತ್ರವೆಂದು ಪಕ್ಕದಲ್ಲಿ ಕುಳಿತವರನ್ನು ಕೇಳಿ ತಿಳಿದುಕೊಂಡರೆ ಸಾಕಿತ್ತು.

ಒಂಟಿ ತೆಂಗು

ನಾನು ಮಾಡಿದ ತಪ್ಪೊಂದನ್ನು ಇಲ್ಲಿ ಹೇಳುತ್ತೇನೆ, ಇನ್ನೊಬ್ಬರಿಗೆ ಆಗಬಾರದು. ಮೂರು ವರ್ಷಗಳ ಹಿಂದೆ ನನ್ನ ಸಹೋದ್ಯೋಗಿ ಗೆಳತಿಯ ಮದುವೆಗೆ ಹೋಗಿ, ಅವಳ ಜೊತೆ ನಿಂತು ತೆಗೆಸಿಕೊಂಡ ಚಿತ್ರಕ್ಕೆ "ಕೊನೆಗೂ ನಮ್ಮ ಹುಡುಗಿಗೆ ಕಲ್ಯಾಣ!" ಎಂದು ಬರೆದೆ. ನನಗೆ ಅದು ಬರೀ ಉಲ್ಲಾಸದ ಮಾತಾಗಿತ್ತು. ಅವಳಿಗೆ ಆಗ ಮೂವತ್ತಾರು ವರ್ಷ. ಹತ್ತು ವರ್ಷಗಳ ಕಾಲ ಹೋದಲ್ಲಿ ಬಂದಲ್ಲಿ "ಇನ್ನೂ ಯಾಕೆ ಆಗಿಲ್ಲ" ಎಂಬ ಪ್ರಶ್ನೆಯನ್ನು ಕೇಳಿಸಿಕೊಂಡವಳು. ಆ ಸಾಲಿನ ಕೆಳಗೆ ಸಂಬಂಧಿಕರು "ಹೌದು, ನಾವೂ ಆಸೆ ಬಿಟ್ಟಿದ್ದೆವು" ಎಂದೆಲ್ಲ ಬರೆಯಲು ತೊಡಗಿದರು. ಗಂಡನ ಮನೆಯವರೂ ಓದಿದರು. ರಾತ್ರಿ ಅವಳು ಫೋನ್ ಮಾಡಿ "ಅದೊಂದು ಪದವನ್ನು ತೆಗೆದುಬಿಡು" ಎಂದಳು. ಹೆಚ್ಚು ಮಾತಾಡಲಿಲ್ಲ. ತೆಗೆದೆ, ಆದರೆ ಓದಬೇಕಾದವರೆಲ್ಲ ಆಗಲೇ ಓದಿಯಾಗಿತ್ತು.

"ಕೊನೆಗೂ", "ಅಂತೂ ಇಂತೂ" ಇವೆರಡನ್ನೂ ಮದುವೆಯ ಚಿತ್ರದ ಹತ್ತಿರಕ್ಕೆ ತರಬೇಡಿ.

ಸೋನೆಮಳೆ

ಒಂಟಿ ತೆಂಗು ಅವರೇ, ಇದನ್ನು ಓದಿದ ಮೇಲೆ ನನ್ನ ಹಳೆಯ ಪೋಸ್ಟುಗಳನ್ನು ತೆರೆದು ನೋಡಿದೆ. ಎರಡು ಕಡೆ "ಅಂತೂ ಇಂತೂ" ಎಂದು ಬರೆದಿದ್ದೆ. ಈಗ ತಿದ್ದಿದ್ದೇನೆ.

ಸಾಧನಕೇರಿ

ನಮ್ಮ ಧಾರವಾಡದ ಕಡೆ ಮದುವೆಗೆ ಹೋಗುವುದನ್ನೇ "ಅಕ್ಕಿಕಾಳಿಗೆ ಹೋಗುವುದು" ಎನ್ನುತ್ತಾರೆ. ಅತಿಥಿಯ ಕೆಲಸ ಅಕ್ಕಿಕಾಳು ಹಾಕುವುದು. ಆದ್ದರಿಂದ ನಾನು ಸೂಚಿಸುವ ಸಾಲು: "ನಮ್ಮ ಅಕ್ಕಿಕಾಳೂ ಇವರ ತಲೆಯ ಮೇಲೆ ಬಿತ್ತು." ಬರೆದವರು ಅಲ್ಲಿ ಇದ್ದರು ಎನ್ನುವುದು ಇದರಿಂದ ತಿಳಿಯುತ್ತದೆ.

ಕಲ್ಪತರು ನಾಡು

ಸಾಧನಕೇರಿ ಅವರೇ, ಸಾಲು ಬಹಳ ಇಷ್ಟವಾಯಿತು. ಆದರೆ ನಮ್ಮ ಕಡೆ ಅಕ್ಷತೆ ಎನ್ನುತ್ತೇವೆ, ಅಕ್ಕಿಕಾಳು ಎಂದು ನಾನು ಬರೆದರೆ ನನ್ನ ಗೆಳತಿಗೆ ಬೇರೆ ಯಾರೋ ಬರೆದಂತೆ ಅನ್ನಿಸುತ್ತದೆ. ಅಲ್ಲದೆ ನನ್ನ ಒಂದು ಕೈಯಲ್ಲಿ ಫೋನ್ ಇದ್ದುದರಿಂದ ನಾನು ಅಕ್ಷತೆ ಹಾಕಿದ್ದು ಚಿತ್ರ ತೆಗೆದ ಮೇಲೆ.

ಓಲೆಗರಿ ಸರ್ ಕೇಳಿದ ಪ್ರಶ್ನೆಗೆ ನಿನ್ನೆ ರಾತ್ರಿಯೆಲ್ಲ ಯೋಚಿಸಿದೆ. ಚಿತ್ರದಲ್ಲಿ ಕಾಣದ ಒಂದು ವಿಷಯವಿದೆ. ನಾವು ನಾಲ್ಕು ಜನ ಹಾಸ್ಟೆಲಿನಲ್ಲಿ ಮೂರು ವರ್ಷ ಒಂದೇ ಕೋಣೆಯಲ್ಲಿ ಇದ್ದೆವು. ಇವಳಿಗೆ ಮೇಲಿನ ಸಾಲಿನ ಒಂದು ಹಲ್ಲು ಸ್ವಲ್ಪ ಓರೆ. ಅದಕ್ಕಾಗಿ ಯಾವಾಗ ನಕ್ಕರೂ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಗುಂಪಿನ ಎಲ್ಲ ಫೋಟೋಗಳಲ್ಲಿಯೂ ಇವಳ ಮುಖದ ಮುಂದೆ ಒಂದು ಕೈ ಇದ್ದೇ ಇರುತ್ತದೆ. ಮೊನ್ನೆ ಬಲಗೈಯಲ್ಲಿ ಜೀರಿಗೆ ಬೆಲ್ಲದ ಎಲೆ, ಎಡಗೈಯಲ್ಲಿ ಹಾರ. ಮುಚ್ಚಿಕೊಳ್ಳಲು ಕೈಯೇ ಇರಲಿಲ್ಲ. ಇವಳ ಪೂರ್ತಿ ನಗುವನ್ನು ಫೋಟೋದಲ್ಲಿ ಹಿಡಿದದ್ದು ಇದೇ ಮೊದಲು. ಈ ಚಿತ್ರ ನನಗೆ ಇಷ್ಟೊಂದು ಹಿಡಿಸಿದ್ದು ಅದಕ್ಕೇ ಎಂದು ಬರೆಯುತ್ತಿರುವಾಗ ತಿಳಿಯುತ್ತಿದೆ.

ಓಲೆಗರಿ

ಇಗೋ, ನಿಮ್ಮ ಸಾಲು ಸಿಕ್ಕಿತು. ಇನ್ನು ಅದನ್ನು ಚಿಕ್ಕದು ಮಾಡುವ ಕೆಲಸ ಮಾತ್ರ ಉಳಿದಿದೆ.

ಕಾವೇರಿ ಮೂಲ

ಓದಿ ಕಣ್ಣು ತುಂಬಿತು. ಆದರೆ ಹಲ್ಲಿನ ವಿಷಯವನ್ನು ಮಾತ್ರ ಬರೆಯಬೇಡಿ ತಂಗಿ.

ಕಲ್ಪತರು ನಾಡು

ಖಂಡಿತ ಬರೆಯುವುದಿಲ್ಲ ಅಕ್ಕ. ಕೈಗಳ ಮಾತು ಮಾತ್ರ ಸಾಕು, ನಮ್ಮ ನಾಲ್ವರಿಗೂ ಅರ್ಥವಾಗುತ್ತದೆ. ಒಂದು ಕರಡು ಬರೆದಿದ್ದೇನೆ:

"ಒಂದು ಕೈಯಲ್ಲಿ ಜೀರಿಗೆ ಬೆಲ್ಲ ಮತ್ತು ಇನ್ನೊಂದು ಕೈಯಲ್ಲಿ ಹಾರ ಇದ್ದುದರಿಂದ ಬಾಯಿ ಮುಚ್ಚಿಕೊಳ್ಳಲು ಆಗದೆ ಇವಳ ಪೂರ್ತಿ ನಗು ಕೊನೆಗೂ ಎಲ್ಲರಿಗೂ ಕಾಣಿಸಿತು."

ಒಂಟಿ ತೆಂಗು

"ಕೊನೆಗೂ" ಎಂಬುದನ್ನು ತೆಗೆಯಿರಿ, ದಯವಿಟ್ಟು.

ಸೋನೆಮಳೆ

ಇಲ್ಲಿ ಅದು ನಗುವಿಗೆ ಸೇರಿದ್ದು, ಮದುವೆಗೆ ಸೇರಿದ್ದಲ್ಲ. ಇಲ್ಲಿ ತೊಂದರೆಯಿಲ್ಲ ಎಂದು ನನಗನ್ನಿಸುತ್ತದೆ.

ಒಂಟಿ ತೆಂಗು

ನಾವು ನಿಧಾನವಾಗಿ ಓದುತ್ತಿದ್ದೇವೆ, ಅದಕ್ಕೆ ನಮಗೆ ಹಾಗೆ ಕಾಣುತ್ತದೆ. ಮದುವೆಯ ಚಿತ್ರ ನೋಡುತ್ತ ಬೆರಳಾಡಿಸುವವರ ಕಣ್ಣಿಗೆ ಮದುಮಗಳು ಮತ್ತು "ಕೊನೆಗೂ" ಎರಡೇ ಬೀಳುತ್ತವೆ. ನಾನು ಅನುಭವಿಸಿದ್ದೇನೆ.

ಕೀಲಿಮಣೆ

ಕಣ್ಣಿಗೆ ಏನು ಬೀಳುತ್ತದೆ ಎನ್ನುವ ಮಾತು ಬಂದದ್ದರಿಂದ ಹೇಳುತ್ತಿದ್ದೇನೆ. ಇನ್‌ಸ್ಟಾಗ್ರಾಂನಲ್ಲಿ ಕ್ಯಾಪ್ಷನ್ 2200 ಅಕ್ಷರಗಳವರೆಗೆ ಇರಬಹುದು, ಆದರೆ ಮೊದಲಿಗೆ ಕಾಣುವುದು ಒಂದೆರಡು ಸಾಲು ಮಾತ್ರ. ಉಳಿದದ್ದನ್ನು ನೋಡಲು ಒತ್ತಿ ತೆರೆಯಬೇಕು. ನಮ್ಮ ಲಿಪಿಯ ವಿಷಯದಲ್ಲಿ ಇನ್ನೊಂದನ್ನು ಗಮನಿಸಬೇಕು. ನಾವು ಎಣಿಸುವ ಅಕ್ಷರ ಬೇರೆ, ಫೋನ್ ಎಣಿಸುವ ಅಕ್ಷರ ಬೇರೆ. "ಜೀರಿಗೆ ಬೆಲ್ಲ" ಎಂಬುದು ನಮಗೆ ಐದು ಅಕ್ಷರ. ಫೋನು ಗುಣಿತದ ಚಿಹ್ನೆಯನ್ನೂ ಒತ್ತಿಗೆ ಹಾಕುವ ಚಿಹ್ನೆಯನ್ನೂ ನಡುವಿನ ಜಾಗವನ್ನೂ ಬೇರೆ ಬೇರೆಯಾಗಿ ಹಿಡಿದು ಹನ್ನೆರಡು ಎಂದು ಲೆಕ್ಕ ಹಾಕುತ್ತದೆ. ಹಾಗಾಗಿ ಇಂಗ್ಲಿಷಿನವರು "ಇಷ್ಟು ಅಕ್ಷರದೊಳಗೆ ಬರೆಯಿರಿ" ಎಂದು ಹೇಳಿದ ಲೆಕ್ಕವನ್ನು ಕನ್ನಡಕ್ಕೆ ಹಾಗೆಯೇ ತಂದರೆ ಹೊಂದುವುದಿಲ್ಲ. ನಿಮ್ಮ ಕರಡು ನನ್ನ ಫೋನಿನಲ್ಲಿ ಮೂರು ಸಾಲು ದಾಟುತ್ತದೆ, "ನಗು" ಎಂಬ ಮುಖ್ಯ ಪದವೇ ಮಡಿಕೆಯೊಳಗೆ ಸೇರಿಬಿಡುತ್ತದೆ.

ಚಿತ್ರದ ಮೇಲೆಯೇ ಅಕ್ಷರ ಅಚ್ಚೊತ್ತುವ ಯೋಚನೆಯಿದ್ದರೆ ಬಿಟ್ಟುಬಿಡಿ. ಕೆಲವು ಆ್ಯಪ್‌ಗಳಲ್ಲಿ ಒತ್ತಕ್ಷರ ಕೂಡಿಕೊಳ್ಳದೆ "ಬೆಲ್ಲ" ಎಂಬುದು "ಬೆಲ್" ಮತ್ತು "ಲ" ಎಂದು ಬಿಡಿಬಿಡಿಯಾಗಿ ಬರುತ್ತದೆ.

ವ್ಯಾಕರಣಪ್ರಿಯ

ಕರಡಿನಲ್ಲಿ "ಇದ್ದುದರಿಂದ" ಮತ್ತು "ಆಗದೆ" ಎರಡೂ ಕಾರಣ ಹೇಳುತ್ತಿವೆ. ವಾಕ್ಯ ಶುದ್ಧವಾಗಿದೆ, ಆದರೆ ವರದಿಯಂತಿದೆ.

ಓಲೆಗರಿ

ವ್ಯಾಕರಣಪ್ರಿಯರ ಮಾತು ಸರಿಯಾಗಿದೆ. ಕಾರಣವನ್ನು ಹೇಳಬೇಡಿ, ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿ ಇಡಿ, ಓದುವವರು ತಾವೇ ಸೇರಿಸಿಕೊಳ್ಳುತ್ತಾರೆ. "ಒಂದು ಕೈಯಲ್ಲಿ ಜೀರಿಗೆ ಬೆಲ್ಲ, ಒಂದು ಕೈಯಲ್ಲಿ ಹಾರ." ಇಲ್ಲಿ ನಿಲ್ಲಿಸಿ. "ಮತ್ತು" ಬೇಕಾಗಿಲ್ಲ, "ಇನ್ನೊಂದು" ಕೂಡ ಬೇಕಾಗಿಲ್ಲ. ಆಮೇಲೆ ನಗುವಿನ ಮಾತು.

ಇನ್ನೊಂದು ಸೂಕ್ಷ್ಮವಿದೆ. ನಿಮ್ಮ ಕರಡಿನಲ್ಲಿ ನಗು "ಎಲ್ಲರಿಗೂ ಕಾಣಿಸಿತು". ನೀವು ಎಲ್ಲಿದ್ದೀರಿ? ನಮ್ಮ ಭಾಷೆಯಲ್ಲಿ ಒಂದು ಅನುಕೂಲವಿದೆ, "ನಾನು ಅಲ್ಲಿದ್ದೆ" ಎಂದು ಬೇರೆಯಾಗಿ ಹೇಳಬೇಕಾಗಿಲ್ಲ. ಕ್ರಿಯಾಪದದ ಕೊನೆಯೇ ಅದನ್ನು ಹೇಳುತ್ತದೆ. "ಕಂಡೆವು" ಎಂದರೆ ಸಾಕು, ನೀವೂ ನಿಮ್ಮ ಕೋಣೆಯ ಗೆಳತಿಯರೂ ಮಂಟಪದ ಪಕ್ಕದಲ್ಲಿ ಒತ್ತಿಕೊಂಡು ನಿಂತಿದ್ದು ಆ "ಎವು" ಎಂಬುದರಲ್ಲಿಯೇ ಬಂದುಬಿಡುತ್ತದೆ. ಸಾಧನಕೇರಿಯವರ ಸಾಲು ನಿಮಗೆ ಹಿಡಿಸಿದ್ದೂ ಅದರಲ್ಲಿ ಬರೆದವರು ನಿಂತಿದ್ದ ಜಾಗ ಗೊತ್ತಾಗುತ್ತಿದ್ದುದರಿಂದ.

ಕಲ್ಪತರು ನಾಡು

ಹಾಗಾದರೆ ಹೀಗೆ: "ಒಂದು ಕೈಯಲ್ಲಿ ಜೀರಿಗೆ ಬೆಲ್ಲ, ಒಂದು ಕೈಯಲ್ಲಿ ಹಾರ. ಇವಳ ಪೂರ್ತಿ ನಗುವನ್ನು ಇಂದು ಕಂಡೆವು."

ಓದಿದಾಗ ಮೈ ಜುಮ್ಮೆಂದಿತು. ಆದರೆ "ಇವಳ" ಎಂಬುದರಲ್ಲಿ ಒಂದು ಅಳುಕಿದೆ. ಹುಡುಗನ ಮನೆಯ ಹಿರಿಯರೂ ನೋಡುತ್ತಾರೆ. "ಇವರ" ಎಂದು ಬರೆದರೆ ಅವಳು ನನಗೆ ಯಾರೋ ದೂರದವಳಾಗುತ್ತಾಳೆ.

ಬೆಳ್ಳಿಬಟ್ಟಲು

ಹಿರಿಯರು ಓದುತ್ತಾರೆ ಎಂದಮೇಲೆ "ಇವರ" ಎಂದೇ ಬರೆಯಬೇಕು. ಮದುವೆಯಾದ ಹೆಣ್ಣುಮಗಳಿಗೆ ಎಲ್ಲರೆದುರು ಏಕವಚನ ಹಾಕುವುದು ಸರಿಯಲ್ಲ. ನಮ್ಮ ಸೊಸೆಯನ್ನು ಅವಳ ಗೆಳತಿಯರು ಹಾಗೆ ಬರೆದಾಗ ನನಗೆ ಇರುಸುಮುರುಸಾಗಿತ್ತು.

ಸಾಧನಕೇರಿ

ನಾನು ಒಪ್ಪುವುದಿಲ್ಲ. ನಿನ್ನೆಯವರೆಗೆ ಏಕವಚನದಲ್ಲಿ ಕರೆದವಳನ್ನು ಇವತ್ತಿನಿಂದ "ಇವರು" ಎಂದರೆ ಗೆಳತಿಯನ್ನು ಬೀಗರ ಮನೆಗೆ ಪೂರ್ತಿಯಾಗಿ ಬಿಟ್ಟುಕೊಟ್ಟಂತೆ. ಸ್ನೇಹದ ಏಕವಚನದಲ್ಲಿ ಅಗೌರವವಿಲ್ಲ.

ಕಾವೇರಿ ಮೂಲ

ಅವಳ ಬಗ್ಗೆ ಊರಿಗೆ ಹೇಳುವುದಕ್ಕಿಂತ ಅವಳಿಗೇ ಹೇಳಿದರೆ ಈ ಜಗಳವೇ ಇರುವುದಿಲ್ಲ. "ನಿನ್ನ" ಎನ್ನಿ. ಇಬ್ಬರು ಗೆಳತಿಯರು ಮಾತಾಡಿಕೊಳ್ಳುವಾಗ ಏಕವಚನ ಯಾರಿಗೂ ಚುಚ್ಚುವುದಿಲ್ಲ, ನೋಡುವವರು ಪಕ್ಕದಲ್ಲಿ ನಿಂತು ಕೇಳಿಸಿಕೊಂಡಂತೆ ಇರುತ್ತದೆ.

ಓಲೆಗರಿ

ನನಗೆ ಇದು ಹೊಳೆದಿರಲಿಲ್ಲ. ಪತ್ರಿಕೆಯ ಅಡಿಬರಹದಲ್ಲಿ ನಾವು ಯಾರನ್ನೂ "ನೀನು" ಎಂದು ಕರೆಯುವಂತಿರಲಿಲ್ಲ. ಇಲ್ಲಿ ಅದೇ ಸರಿಯಾದ ದಾರಿ.

ವ್ಯಾಕರಣಪ್ರಿಯ

ಚಿತ್ರದಲ್ಲಿ ಮದುಮಗನೂ ಇದ್ದಾನೆ, ಅವನ ಹುಬ್ಬಿನ ಮೇಲೆ ಬೆಲ್ಲವೂ ಇದೆ. ಸಾಲಿನಲ್ಲಿ ಅವನು ಎಲ್ಲಿಯೂ ಇಲ್ಲ. ಮದುವೆಯ ಚಿತ್ರಕ್ಕೆ ಬರೆದ ಮಾತಿನಲ್ಲಿ ಅರ್ಧ ಮದುವೆ ಬಿಟ್ಟುಹೋಗಿದೆ ಎಂದು ನನಗೆ ತೋರುತ್ತದೆ.

ಸೋನೆಮಳೆ

ಇದು ನ್ಯಾಯವಾದ ಆಕ್ಷೇಪ. ಅವನ ಹೆಸರನ್ನಾದರೂ ಟ್ಯಾಗ್ ಮಾಡಿ.

ಸಾಧನಕೇರಿ

ಹಾರ ಯಾರ ಕೊರಳಿಗೆ, ಬೆಲ್ಲ ಯಾರ ತಲೆಗೆ? ಎರಡೂ ಅವನಿಗೇ. ಹೆಸರಿಲ್ಲದೆಯೂ ಅವನು ಇದ್ದಾನೆ.

ವ್ಯಾಕರಣಪ್ರಿಯ

ಚಿತ್ರದಲ್ಲಿ ಇದ್ದಾನೆ, ಸಾಲಿನಲ್ಲಿ ಇಲ್ಲ. ನನ್ನ ಅಭಿಪ್ರಾಯ ಬದಲಾಗುವುದಿಲ್ಲ.

ಪೌರೋಹಿತ್ಯದ ಮನೆ

ಒಂದು ಮಾತು. ಮದುಮಗಳು ತಾನೇ ತನ್ನ ಮದುವೆಯ ಚಿತ್ರವನ್ನು ಇನ್ನೂ ಹಾಕಿಲ್ಲವಾದರೆ ಅವಳನ್ನು ಕೇಳಿ ಹಾಕಿ. ಅಂತರಪಟ ಇಳಿಯುವ ಗಳಿಗೆಯಲ್ಲಿ ಹಿಂದೆ ನಿಂತವರಲ್ಲಿ ಯಾರಾದರೂ ಅಳುತ್ತಿರುತ್ತಾರೆ, ಹೆಚ್ಚಾಗಿ ಹುಡುಗಿಯ ತಂದೆ. ಅವರ ಮುಖ ಕಾಣುತ್ತಿದೆಯೇ ಎಂದು ಚಿತ್ರವನ್ನು ದೊಡ್ಡದು ಮಾಡಿ ನೋಡಿಕೊಳ್ಳಿ.

ಕಲ್ಪತರು ನಾಡು

ನೋಡಿದೆ. ನೀವು ಹೇಳಿದ್ದು ನಿಜ. ಎಡಗಡೆಯ ಅಂಚಿನಲ್ಲಿ ಅವಳ ತಂದೆ ಶಲ್ಯದ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಾರೆ. ನಾನು ಇದುವರೆಗೆ ಗಮನಿಸಿಯೇ ಇರಲಿಲ್ಲ. ಅಷ್ಟು ಭಾಗವನ್ನು ಕತ್ತರಿಸಿ, ಪೂರ್ತಿ ಚಿತ್ರವನ್ನು ಅವಳಿಗೆ ಮಾತ್ರ ಪ್ರತ್ಯೇಕವಾಗಿ ಕಳುಹಿಸಿದೆ.

ಜೊತೆಗೆ ಈ ಸಾಲನ್ನೂ ಕಳುಹಿಸಿ ಹಾಕಬಹುದೇ ಎಂದು ಕೇಳಿದೆ: "ಒಂದು ಕೈಯಲ್ಲಿ ಜೀರಿಗೆ ಬೆಲ್ಲ, ಒಂದು ಕೈಯಲ್ಲಿ ಹಾರ. ನಿನ್ನ ಪೂರ್ತಿ ನಗುವನ್ನು ಇಂದು ಕಂಡೆವು ಗೆಳತಿ!"

ಅವಳು ತುಂಬ ಹೊತ್ತು ಉತ್ತರ ಕೊಡಲಿಲ್ಲ. ಆಮೇಲೆ ಧ್ವನಿ ಸಂದೇಶ ಕಳುಹಿಸಿದಳು. ಹಾಕು ಎಂದಿದ್ದಾಳೆ, ಆದರೆ ಎರಡು ತಿದ್ದುಪಡಿ ಹೇಳಿದ್ದಾಳೆ. "ನೀನು ನನಗೆ ಯಾವತ್ತು ಗೆಳತಿ ಅಂತ ಕರೆದಿದ್ದೀಯ, ಯಾವತ್ತು ಇಂದು ಅಂದಿದ್ದೀಯ" ಎಂದು ಕೇಳಿದಳು. ಹಾಗಾಗಿ ಈಗ ಹಾಕಿರುವುದು ಇದು:

"ಒಂದು ಕೈಯಲ್ಲಿ ಜೀರಿಗೆ ಬೆಲ್ಲ, ಒಂದು ಕೈಯಲ್ಲಿ ಹಾರ. ನಿನ್ನ ಪೂರ್ತಿ ನಗು ಇವತ್ತು ನೋಡಿದೆವು ಕಣೇ!"

ಕೋಣೆಯ ಉಳಿದ ಇಬ್ಬರೂ ಮೊದಲ ನಿಮಿಷದಲ್ಲಿಯೇ ಬಂದು, ಏನೂ ಬರೆಯದೆ, ಅಂಗೈಯಿಂದ ಬಾಯಿ ಮುಚ್ಚಿಕೊಂಡ ಮುಖದ ಚಿಹ್ನೆಯನ್ನು ಹಾಕಿ ಹೋಗಿದ್ದಾರೆ.

ಕೀಲಿಮಣೆ

ನನ್ನ ಫೋನಿನಲ್ಲಿ ಸರಿಯಾಗಿ ಎರಡು ಸಾಲಿಗೆ ಕೂತಿದೆ.

ಬೆಳ್ಳಿಬಟ್ಟಲು

"ಕಣೇ" ಎಂಬುದು ಬೇಡವಾಗಿತ್ತು ಎಂದು ಈಗಲೂ ಅನ್ನಿಸುತ್ತದೆ. ಆದರೆ ಅವಳೇ ಕೇಳಿದ್ದಾಳೆಂದರೆ ನಾನು ಹೇಳುವುದು ಏನೂ ಇಲ್ಲ. ಮಗು ಚೆನ್ನಾಗಿರಲಿ.

ವ್ಯಾಕರಣಪ್ರಿಯ

"ಕಣೇ" ಪದಕ್ಕೆ ಮೊದಲು ಅಲ್ಪವಿರಾಮ ಬೇಕು. ಮದುಮಗನ ಹೆಸರನ್ನು ಟ್ಯಾಗ್ ಮಾಡಿದ್ದೀರಾ?

ಕಲ್ಪತರು ನಾಡು

ಟ್ಯಾಗ್ ಮಾಡಿದ್ದೇನೆ ಸರ್. ಹುಬ್ಬಿನ ಮೇಲಿನ ಬೆಲ್ಲದ ಮೇಲೆಯೇ ಅವನ ಹೆಸರು ಬರುವಂತೆ ಇಟ್ಟಿದ್ದೇನೆ.